ಮೂರು ಲಿಂಕ್ ಸಾಕು, ಮಾರಾಯ್ತಿ

ಪ್ರೀತಿಯ ತಂಗಿಗೆ,

ವರದಿಗಾರ್ತಿ ಕೆಲಸ ಕೇಳಿ ಬೆಂಗಳೂರಿನ ಸುದ್ದಿ ಸಂಸ್ಥೆಗೆ ಕಳಿಸಬೇಕೆಂದು ನೀನು ಬರೆದ ಪತ್ರದ ಕರಡು ಓದಿದೆ. ನಿನ್ನ ವರದಿಗಳ ಇಪ್ಪತ್ತಕ್ಕೂ ಜಾಸ್ತಿ ಲಿಂಕ್ ಹಾಕಿದ್ದೀಯ. ಮಾರಿಕಾಂಬಾ ಜಾತ್ರೆ, ಲಿಂಗನಮಕ್ಕಿಯ ನೀರಿನ ಮಟ್ಟ, ಅಡಿಕೆ ಧಾರಣೆ, ಎಲೆಚುಕ್ಕೆ ರೋಗ, ಮಂಗನ ಕಾಯಿಲೆ, ಶಾಸಕರ ಶಂಕುಸ್ಥಾಪನೆ ಎಲ್ಲವೂ ಇದೆ. ಕೊನೆಯಲ್ಲಿ ಒಂದು ಪ್ಯಾರಾ: 'ನಾನು ನಿಷ್ಪಕ್ಷಪಾತಿ, ಸತ್ಯನಿಷ್ಠೆ ನನ್ನ ಧ್ಯೇಯ.' ಆ ಪ್ಯಾರಾ ತೆಗೆದುಬಿಡು. ಸಂಪಾದಕರ ಮೇಜಿಗೆ ಬರುವ ಪ್ರತಿ ಅರ್ಜಿಯಲ್ಲೂ ಅದೇ ಇರುತ್ತದೆ. ನೀನು ಹೇಗೆ ಕೆಲಸ ಮಾಡುತ್ತೀಯ ಎಂಬುದು ಲಿಂಕ್‌ಗಳ ಪಕ್ಕದಲ್ಲೇ ಕಾಣಬೇಕು.

ಮೂರು ವರದಿ ಆರಿಸಿಕೋ. ಮಂಗನ ಕಾಯಿಲೆಯದ್ದು ಇರಲಿ. ನರೇಗಾ ಕೂಲಿಯದ್ದು ಇರಲಿ. ಮೂರನೆಯದು ಅಡಿಕೆ. ಶಂಕುಸ್ಥಾಪನೆಗೆ ಯಾರನ್ನು ಕಳಿಸಿದ್ದರೂ ಅದೇ ಸುದ್ದಿ ಬರುತ್ತಿತ್ತು, ಅದು ಬೇಡ.

ಪ್ರತಿ ಲಿಂಕ್‌ನ ಕೆಳಗೆ ನಾಲ್ಕೈದು ಸಾಲು ಬರಿ. ಸುದ್ದಿಯ ಸಾರಾಂಶ ಬೇಡ, ಅದು ಲಿಂಕ್ ಒತ್ತಿದರೆ ಸಿಗುತ್ತದೆ. ಯಾರ ಜೊತೆ ಮಾತಾಡಿದೆ, ಯಾವುದನ್ನು ಹೇಗೆ ಖಚಿತ ಮಾಡಿಕೊಂಡೆ, ಏನನ್ನು ಬಿಟ್ಟೆ, ಯಾಕೆ ಬಿಟ್ಟೆ. ನೀನು ಫೋನಿನಲ್ಲಿ ಹೇಳಿದ್ದನ್ನೇ ಇಟ್ಟುಕೊಂಡು ಮಂಗನ ಕಾಯಿಲೆ ವರದಿಗೆ ನಾನೊಂದು ಟಿಪ್ಪಣಿ ಬರೆದು ನೋಡಿದೆ:

'ಕಾಡಂಚಿನಲ್ಲಿ ಮಂಗಗಳು ಸತ್ತ ಸುದ್ದಿ ಹಿಡಿದು ಮಾಡಿದ ವರದಿ. ಸತ್ತ ಮಂಗಗಳನ್ನು ನೋಡಿದ ಇಬ್ಬರು, ಆಶಾ ಕಾರ್ಯಕರ್ತೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಜೊತೆ ಮಾತಾಡಿದ್ದೇನೆ. ಪರೀಕ್ಷೆಯ ಫಲಿತಾಂಶ ಆರೋಗ್ಯ ಇಲಾಖೆಯಿಂದ ಬರುವವರೆಗೆ ಶಂಕಿತ ಎಂದೇ ಬರೆದಿದ್ದೇನೆ. ಹಳ್ಳಿಯ ಹೆಸರು ಕೊಟ್ಟಿದ್ದೇನೆ, ಏಕೆಂದರೆ ಸೊಪ್ಪು, ದರಗಿಗೆ ಕಾಡಿಗೆ ಹೋಗುವವರಿಗೆ ಅದು ಗೊತ್ತಾಗಬೇಕಿತ್ತು. ರೋಗಿಯ ಹೆಸರು, ವಯಸ್ಸು, ಕೆಲಸ, ಮನೆಯ ಫೋಟೊ ಕೊಟ್ಟಿಲ್ಲ. ಶೀರ್ಷಿಕೆ ಡೆಸ್ಕ್‌ನವರದು.'

ಇಷ್ಟೇ. ಆದರೆ ಇದರಲ್ಲಿ ಒಂದೊಂದು ಸಾಲಿಗೂ ಹಿಂದೆ ಒಂದು ತೀರ್ಮಾನ ಇದೆ. ಈ ಕಾಯಿಲೆಗೆ ಹೆಸರು ಬಂದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಿಂದ, 1957ರಲ್ಲಿ. ಹರಡುವುದು ಉಣುಗಿನಿಂದ. ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೂ ಊರಲ್ಲಿ ಹೆಸರು ಗೊತ್ತಾದರೆ ಆ ಮನೆಗೆ ಕೆಲಸಕ್ಕೆ ಬರಲು, ಅವರನ್ನು ಕೆಲಸಕ್ಕೆ ಕರೆಯಲು ಜನ ಹಿಂಜರಿಯುತ್ತಾರೆ. ಹಾಗಂತ ಹಳ್ಳಿಯ ಹೆಸರನ್ನೂ ಮುಚ್ಚಿಟ್ಟರೆ ಪಕ್ಕದವರು ಎಚ್ಚರ ತಪ್ಪುತ್ತಾರೆ. ಒಂದು ಕೊಟ್ಟು ಇನ್ನೊಂದು ಬಿಟ್ಟೆಯಲ್ಲ, ಸಂಪಾದಕರು ನೋಡಬೇಕಾದ್ದು ಅದನ್ನೇ.

ವಯಸ್ಸು, ಕೆಲಸ ಕೂಡ ಬಿಟ್ಟದ್ದು ಯಾಕೆ ಎಂದು ಬೆಂಗಳೂರಿನವರು ಕೇಳಬಹುದು. ನಮ್ಮ ಕಡೆಯ ಹಳ್ಳಿ ಅವರ ಬಡಾವಣೆಯಂತಲ್ಲ. ಒಂದು ಗುಡ್ಡದ ಬುಡದಲ್ಲಿ ಐದಾರು ಮನೆ, ನಡುವೆ ತೋಟ. 'ಐವತ್ತರ ಆಸುಪಾಸಿನ ತೋಟದ ಕೂಲಿ ಮಹಿಳೆ' ಎಂದು ಬರೆದರೆ ಹೆಸರು ಬರೆದ ಹಾಗೇ. ಇದನ್ನು ಒಂದು ಸಾಲಲ್ಲಿ ಪತ್ರದಲ್ಲೇ ಹೇಳು. ಮಲೆನಾಡಿನಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಹೊಳೆಯುವ ವಿಷಯ ಅದು.

ಇದೇ ಕಾರಣಕ್ಕೆ ನಿನ್ನ ಪಟ್ಟಿಯ ಒಂಬತ್ತನೇ ಲಿಂಕ್ ತಕ್ಷಣ ತೆಗಿ. ಬಾಲಕಿಯ ಮೇಲಿನ ದೌರ್ಜನ್ಯದ ಪ್ರಕರಣ. ಹೆಸರು ಹಾಕಿಲ್ಲ ನಿಜ. ಆದರೆ ಶಾಲೆ ಯಾವುದೆಂದು ಇದೆ, ತಂದೆಯ ಕೆಲಸ ಇದೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರನ್ನಷ್ಟೇ ತಡೆಯುವುದಿಲ್ಲ. ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಸಿಗುವಂಥ ಯಾವ ವಿವರವೂ ಬರಬಾರದು. ಅದನ್ನು ಸೇರಿಸಿದ್ದು ಡೆಸ್ಕ್ ಇರಬಹುದು. ಆದರೆ ಲಿಂಕ್ ಕಳಿಸುವಾಗ ಆ ಮಗುವಿನ ಗುರುತನ್ನು ಇನ್ನೊಮ್ಮೆ ಹಂಚುತ್ತಿರುವುದು ನೀನು. ನಿನ್ನ ಪತ್ರಿಕೆಯವರಿಗೂ ಹೇಳಿ ಅದನ್ನು ವೆಬ್‌ಸೈಟ್‌ನಿಂದ ತೆಗೆಸಲು ನೋಡು.

ನರೇಗಾ ವರದಿಯ ಕೆಳಗೆ ಬರೆಯಬೇಕಾದ್ದು ಬೇರೆ. ಕೂಲಿಯವರ ಹಾಜರಿ ಪಟ್ಟಿಯಾದ ಎನ್‌ಎಂಆರ್‌ನಲ್ಲಿ ಹೆಸರಿದ್ದು ಕೆಲಸಕ್ಕೇ ಬಂದಿಲ್ಲ ಎಂದವರನ್ನು ನೀನು ಮನೆಗೆ ಹೋಗಿ ಕಂಡೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪ್ರತಿ ತೆಗೆದುಕೊಂಡೆ. ಪಿಡಿಒಗೆ ಪ್ರಶ್ನೆ ಕಳಿಸಿದ ದಿನ, ಅವರು ಉತ್ತರಿಸಿದ ದಿನ ಎರಡನ್ನೂ ಬರಿ. ಉತ್ತರ ಬಂದಿರದಿದ್ದರೆ ಎಷ್ಟು ಸಮಯ ಕೊಟ್ಟೆ ಎಂದು ಬರಿ. ಸಂಜೆ ಆರಕ್ಕೆ ಫೋನ್ ಮಾಡಿ, ಏಳಕ್ಕೆ 'ಪ್ರತಿಕ್ರಿಯೆಗೆ ಸಿಗಲಿಲ್ಲ' ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ದಾಖಲೆಗಳನ್ನು ಮೇಲ್‌ಗೆ ಅಂಟಿಸಬೇಡ. ಅದರಲ್ಲಿ ಕೂಲಿಯವರ ಜಾಬ್ ಕಾರ್ಡ್ ಸಂಖ್ಯೆ ಇದೆ. 'ಕೇಳಿದರೆ ಹೆಸರು, ಸಂಖ್ಯೆ ಮುಚ್ಚಿ ತೋರಿಸುತ್ತೇನೆ' ಎಂದರೆ ಸಾಕು. ಒಳಗಿನಿಂದ ಸುಳಿವು ಕೊಟ್ಟವರು ಯಾರೆಂದು ಈ ಪತ್ರದಲ್ಲಿ ಸೂಚನೆ ಕೂಡ ಇರಬಾರದು. ಕೆಲಸ ಸಿಗುವ ಮೊದಲೇ ಮೂಲದ ಹೆಸರು ಹೇಳುವವರನ್ನು ಒಳ್ಳೆಯ ಸಂಪಾದಕರು ನಂಬುವುದಿಲ್ಲ.

ಅಡಿಕೆ ವರದಿಗೆ ಬಂದರೆ, ನಿಮ್ಮ ಮನೆಯ ತೋಟ ಇದೆ ಎಂದು ಬರಿ. ಅಪ್ಪ ಸಹಕಾರ ಸಂಘದ ಸದಸ್ಯರು ಎಂಬುದನ್ನೂ ಸೇರಿಸು. ರಾಶಿ ಅಡಿಕೆಯ ಧಾರಣೆ ಬಿದ್ದರೆ ನಿಮ್ಮ ಮನೆಗೂ ನಷ್ಟ. ಹಾಗಿದ್ದೂ ಆ ವರದಿಯಲ್ಲಿ ವ್ಯಾಪಾರಿಯ ಮಾತನ್ನೂ ಹಾಕಿದ್ದೀಯ, ಅದನ್ನು ಓದುವವರೇ ನೋಡಿಕೊಳ್ಳುತ್ತಾರೆ.

ಇನ್ನೊಂದು ಕಷ್ಟದ ವಿಷಯ, ಜಾಹೀರಾತು. ತಾಲ್ಲೂಕಿನ ವರದಿಗಾರರಿಗೆ ಸಂಬಳಕ್ಕಿಂತ ಜಾಹೀರಾತಿನ ಕಮಿಷನ್ನೇ ಆಸರೆ ಎಂಬುದು ಗುಟ್ಟೇನೂ ಅಲ್ಲ. ಮುಚ್ಚಿಡಬೇಡ. 'ಈಗ ಪತ್ರಿಕೆಗೆ ಜಾಹೀರಾತನ್ನೂ ತರುತ್ತೇನೆ. ಈ ಮೂರು ವರದಿಗಳಲ್ಲಿ ಬರುವ ಯಾರಿಂದಲೂ ತಂದಿಲ್ಲ. ನಿಮ್ಮಲ್ಲಿ ಎರಡೂ ಕೆಲಸ ಬೇರೆ ಇರಬೇಕೆಂದು ಬಯಸುತ್ತೇನೆ.' ಎರಡನೇ ವಾಕ್ಯ ನಿಜವಾಗಿದ್ದರೆ ಮಾತ್ರ ಬರಿ. ಒಂದು ವರದಿಗೆ ಅದು ಹೊಂದದಿದ್ದರೆ ಆ ವರದಿಯನ್ನೇ ಬದಲಿಸು.

ಇನ್ನು ಲಿಂಕ್‌ಗಳ ಕಥೆ. ನಿನ್ನ ಇ-ಪೇಪರ್ ಲಿಂಕ್ ಒತ್ತಿದರೆ ನನಗೆ ಇವತ್ತಿನ ಮುಖಪುಟ ಬಂತು. ಇನ್ನೊಂದು ಗೂಗಲ್ ಡ್ರೈವ್‌ನದು, ಅನುಮತಿ ಕೇಳು ಅಂತು. ಕೇಳುವಷ್ಟು ಪುರುಸೊತ್ತು ಅವರಿಗಿರಲ್ಲ. ವೆಬ್‌ಸೈಟ್‌ನಲ್ಲಿ ವರದಿಯ ಸ್ವಂತ ಪುಟ ಇದ್ದರೆ ಅದನ್ನೇ ಕೊಡು. web.archive.org ನಲ್ಲಿ ಅದರ ಪ್ರತಿ ಉಳಿಸಿ ಆ ಲಿಂಕ್ ಕೂಡ ಇಟ್ಟುಕೋ, ಪತ್ರಿಕೆಗಳು ಹಳೆಯ ಪುಟ ಅಳಿಸುವುದುಂಟು. ಮುದ್ರಣದಲ್ಲಿ ಮಾತ್ರ ಬಂದದ್ದಾದರೆ ಪುಟವನ್ನು ಪಿಡಿಎಫ್ ಮಾಡಿ, ದಿನಾಂಕ, ಆವೃತ್ತಿ, ಪುಟ ಸಂಖ್ಯೆ ಕಾಣುವ ಹಾಗೆ ಇಡು. ಕೊನೆಗೆ ಎಲ್ಲವನ್ನೂ ನಿನ್ನ ಅಮ್ಮನ ಫೋನಿನಲ್ಲಿ ತೆರೆದು ನೋಡು. ನಿನ್ನ ಫೋನಿನಲ್ಲಿ ಲಾಗಿನ್ ಆಗಿರುವುದರಿಂದ ಎಲ್ಲವೂ ತೆರೆದುಕೊಳ್ಳುತ್ತದೆ, ಅದನ್ನು ನಂಬಬೇಡ.

ನರೇಗಾ ವರದಿಯಲ್ಲಿ ನಿನ್ನ ಹೆಸರಿಲ್ಲ, 'ನಮ್ಮ ವರದಿಗಾರರಿಂದ' ಅಂತಿದೆ. ಹಾಗಾಗಿ ಅದರ ಕೆಳಗೆ 'ಹೆಸರಿಲ್ಲದೆ ಪ್ರಕಟವಾಗಿದೆ, ಬ್ಯೂರೊ ಮುಖ್ಯಸ್ಥರನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು' ಎಂದು ಬರಿ. ಅವರಿಗೆ ಮೊದಲೇ ಹೇಳಿ, ಒಪ್ಪಿಗೆ ತಗೊಂಡು ಬರಿ. ಫೋಟೊ ಬೇರೆಯವರದ್ದಾದರೆ ಅವರ ಹೆಸರು ಹಾಕು.

ಇಷ್ಟಾದ ಮೇಲೂ ಪತ್ರ ಒಂದೂವರೆ ಪುಟ ದಾಟಬಾರದು. ದಾಟಿದರೆ ನಿನ್ನ ಓದು, ಬಹುಮಾನಗಳ ಭಾಗ ಕತ್ತರಿಸು, ಟಿಪ್ಪಣಿಗಳನ್ನು ಮುಟ್ಟಬೇಡ. ತಿದ್ದಿದ ಕರಡನ್ನು ವಾಟ್ಸಾಪ್‌ನಲ್ಲಿ ಹಾಕಬೇಡ, ಮೇಲ್ ಮಾಡು. ಮಳೆಗೆ ಇಲ್ಲಿ ಕರೆಂಟ್ ಬಂದು ಹೋಗಿ ಮಾಡುತ್ತಿದೆ, ಉತ್ತರ ಒಂದೆರಡು ದಿನ ತಡವಾಗಬಹುದು.

ನಿನ್ನ ಅಣ್ಣ,
ಸಾಗರದಿಂದ