ಗೂಡು ಕೀಳಿಸುವ ಯೋಜನೆ ಬೇಡ

ಮಾನ್ಯರೆ,

ಕಾರವಾರದಲ್ಲಿ 7ನೇ ತರಗತಿಯ ಮಕ್ಕಳು ವಿಜ್ಞಾನ ಯೋಜನೆಗೆಂದು ಹಕ್ಕಿಗೂಡುಗಳನ್ನು ಕಿತ್ತು ಶಾಲೆಗೆ ಒಯ್ಯುತ್ತಿರುವುದು ತೀರಾ ಬೇಸರದ ಸಂಗತಿ. ಅಂಗಳದ ದಾಸವಾಳಕ್ಕೆ ಸೂರಕ್ಕಿ ಜೇಡರಬಲೆಯಿಂದ ಬಿಗಿದು ತೂಗುಬಿಟ್ಟ ಗೂಡು ಇದ್ದಲ್ಲೇ ಇದ್ದರೆ ತಾನೇ ಕಲಿಯಲು ಸಾಧ್ಯ? ಗೂಡು ಕಟ್ಟುವುದು ಹೆಣ್ಣು. ಮರಿಗಳಿಗೆ ಉಣಿಸಲು ಗಂಡೂ ಬರುತ್ತದೆ. ತಾವು ಮಕರಂದ ಹೀರಿದರೂ ಮರಿಗಳಿಗೆ ತರುವುದು ಹುಳು, ಜೇಡಗಳನ್ನು. ಬೆಳಿಗ್ಗೆ ಅರ್ಧ ಗಂಟೆ, 10 ಮೀಟರ್ ದೂರದಲ್ಲಿ ಕುಳಿತು, ಯಾವುದು ಎಷ್ಟು ಸಲ ಬಂತೆಂದು ಗುರುತು ಹಾಕಿಕೊಂಡರೆ ಸಾಕು. ಕೊಕ್ಕಿನಲ್ಲಿ ಹುಳುವಿದ್ದರೂ ಹಕ್ಕಿ ಗೂಡಿಗೆ ಹೋಗದೆ ಪಕ್ಕದ ಕೊಂಬೆಯಲ್ಲೇ ಚಡಪಡಿಸುತ್ತಿದ್ದರೆ ನಾವು ಹತ್ತಿರವಾದೆವೆಂದೇ ಅರ್ಥ. ಕೂಡಲೇ ಹಿಂದೆ ಸರಿಯಬೇಕು. ಕಿತ್ತು ತಂದ ಗೂಡಿಗಲ್ಲ, ಇಂಥ ಟಿಪ್ಪಣಿ ಪುಸ್ತಕಕ್ಕೆ ಅಂಕ ನೀಡುವಂತೆ ಶಿಕ್ಷಣ ಇಲಾಖೆಯು ಶಾಲೆಗಳಿಗೆ ಸೂಚಿಸಲಿ.

– ಪಾಲಕರೊಬ್ಬರು, ಕಾರವಾರ