ಅಮ್ಮನಿಗೆ, ದಸರಾ ಪಾಟ್‌ಲಕ್ ಬಗ್ಗೆ

ಸನಿವೇಲ್, ಕ್ಯಾಲಿಫೋರ್ನಿಯಾ
ಅಕ್ಟೋಬರ್ 6, 2025, ಸೋಮವಾರ

ಅಮ್ಮಾ, ನಿನಗೂ ಅಪ್ಪನಿಗೂ ನಮಸ್ಕಾರ.

ನಾವಿಲ್ಲಿ ಕ್ಷೇಮ. ಗೊಂಬೆಗಳ ಫೋಟೋ ತಲುಪಿತು. ಪಟ್ಟದ ಗೊಂಬೆಗೆ ಹೊಸ ಸೀರೆ ಉಡಿಸಿದ್ದೀಯಲ್ಲ, ಬಣ್ಣ ತುಂಬಾ ಒಪ್ಪುತ್ತದೆ. ವಿಜಯದಶಮಿ ಗುರುವಾರ ಬಂತು. ಇಲ್ಲಿ ರಜೆ ಇಲ್ಲ. ಅದಕ್ಕೆ ಹಬ್ಬದೂಟವನ್ನು ಶನಿವಾರಕ್ಕೆ ಇಟ್ಟುಕೊಂಡೆವು, ನಮ್ಮ ಮಂಗಳೂರಿನ ಗೆಳತಿಯ ಮನೆ ಹಿತ್ತಲಲ್ಲಿ. ಫೋನಿನಲ್ಲಿ ನೀನು ಕೇಳಿದ್ದೆ, 'ಪಾಟ್‌ಲಕ್ ಅಂದರೆ ಕರೆದವರ ಮನೆಗೆ ನಾವೇ ಅಡುಗೆ ಹೊತ್ತುಕೊಂಡು ಹೋಗೋದಾ?' ಅಂತ. ಹೌದಮ್ಮ, ಅದೇ. ಆದರೆ ಅಡುಗೆಗಿಂತ ಮುಂಚೆ ಒಂದು ಮೆಸೇಜ್ ಬರೆಯಬೇಕು. ಈ ಸಲ ಅದನ್ನು ಬರೆದವಳು ನಾನು. ಆ ಕಥೆ ಫೋನಿನಲ್ಲಿ ಹೇಳಿ ಮುಗಿಯುವುದಲ್ಲ.

ಆಗಸ್ಟ್‌ನಲ್ಲಿ ಒಂದು ಸಲ ಸೇರಿದ್ದೆವು. ಅವತ್ತು ಗ್ರೂಪ್‌ನಲ್ಲಿ ಬಂದಿದ್ದ ಮೆಸೇಜ್ ಇಷ್ಟೇ:

"ಗೈಸ್, ಸಂಡೇ ಲಂಚ್‌ಗೆ ಪಾಟ್‌ಲಕ್ ಇಟ್ಕೊಳ್ಳೋಣ್ವಾ? ಎಲ್ರೂ ಏನಾದ್ರೂ ಒಂದು ಡಿಶ್ ತನ್ನಿ. ಚಟ್ನಿ ಯಾರಾದ್ರೂ ಮಾಡಿ, ಇಡ್ಲಿ ನಂದು. ನೋ ನಟ್ಸ್ ಪ್ಲೀಸ್!"

ಕೊನೆಯ ಮಾತು ಒಂದು ಮಗುವಿಗಾಗಿ. ನಮ್ಮ ಹಾಸನದ ಗೆಳತಿಯ ಮಗ, ಐದು ವರ್ಷ. ಅವನಿಗೆ ಕಡಲೆಕಾಯಿ ಬೀಜ, ಗೋಡಂಬಿ, ಬಾದಾಮಿ ಯಾವುದೂ ಆಗುವುದಿಲ್ಲ. ಸ್ವಲ್ಪ ಬಾಯಿಗೆ ಹೋದರೂ ಮೈಯೆಲ್ಲಾ ದದ್ದು ಏಳುತ್ತದೆ, ಉಸಿರು ಕಟ್ಟಬಹುದು. ಅವಳು ಎಲ್ಲಿಗೆ ಹೋದರೂ ಬ್ಯಾಗಿನಲ್ಲಿ ಇಂಜೆಕ್ಷನ್ ಪೆನ್ ಇಟ್ಟುಕೊಂಡೇ ಹೋಗುತ್ತಾಳೆ.

ಆ ಭಾನುವಾರ ಏನಾಯಿತು ಅಂದರೆ, ಮೂರು ಮನೆಯಿಂದ ಚಿತ್ರಾನ್ನ ಬಂತು. ಮೊಸರನ್ನ ಯಾರೂ ತರಲಿಲ್ಲ. ಮೂರು ಚಿತ್ರಾನ್ನದಲ್ಲೂ ಕಡಲೆಕಾಯಿ ಬೀಜ ಇತ್ತು. ಧಾರವಾಡದ ಅಕ್ಕ ಚಟ್ನಿ ನನ್ನದು ಅಂದಿದ್ದರು. ನಾವು ಇಡ್ಲಿಗೆ ಕಾಯಿಚಟ್ನಿ ಬರುತ್ತದೆ ಅಂತ ಕಾಯುತ್ತಿದ್ದೆವು. ಅವರು ಡಬ್ಬಿ ತೆಗೆದರೆ ಶೇಂಗಾ ಚಟ್ನಿ, ಒಣ ಪುಡಿ. ಅವರ ಕಡೆ ಚಟ್ನಿ ಅಂದರೆ ಅದೇ ಮೊದಲು ನೆನಪಾಗುವುದು. ಅವರು ಹೇಳಿದ್ದು ಸರಿ, ನಾವು ಕೇಳಿಸಿಕೊಂಡದ್ದು ಬೇರೆ.

ಯಾರೂ ಬೇಕೆಂದು ಮಾಡಿದ್ದಲ್ಲ. ಆಮೇಲೆ ಎಲ್ಲರನ್ನೂ ಕೇಳಿದೆ. 'ನಟ್ಸ್' ಅಂತ ಓದಿದಾಗ ಎಲ್ಲರ ತಲೆಗೂ ಬಂದದ್ದು ಗೋಡಂಬಿ, ಬಾದಾಮಿ, ಪಿಸ್ತಾ. ಹಬ್ಬಕ್ಕೆ ಡಬ್ಬಿಯಲ್ಲಿ ಕೊಡುವ ಡ್ರೈ ಫ್ರೂಟ್ಸ್. ಒಗ್ಗರಣೆಗೆ ಹಾಕುವ ಕಡಲೆಕಾಯಿ ಬೀಜ ಯಾರ ಲೆಕ್ಕದಲ್ಲೂ ನಟ್ ಆಗಿರಲಿಲ್ಲ. ಸಸ್ಯದ ಲೆಕ್ಕದಲ್ಲಿ ಅದು ನಿಜವೇ. ಕಡಲೆಕಾಯಿ ಬೇಳೆಕಾಳಿನ ಜಾತಿ, ಅವರೆ, ತೊಗರಿಯ ನೆಂಟ. ಆದರೆ ಅಲರ್ಜಿಯ ವಿಷಯದಲ್ಲಿ ಎಲ್ಲರೂ ಮೊದಲು ಹೆದರುವುದು ಅದಕ್ಕೇ. ಹುರಿದರೂ ಬೇಯಿಸಿದರೂ ಅದರ ಗುಣ ಹೋಗುವುದಿಲ್ಲ. ಗಾಣದ ಕಡಲೆಕಾಯಿ ಎಣ್ಣೆಯಲ್ಲೂ ಬೀಜದ ಅಂಶ ಉಳಿದಿರುತ್ತದೆ.

ಹಾಸನದ ಗೆಳತಿ ಪ್ರತಿ ಪಾತ್ರೆಯ ಮುಂದೆಯೂ ನಿಂತು ಕೇಳುವವಳು. ಹಾಗಾಗಿ ಮಗುವಿಗೆ ಏನೂ ಆಗಲಿಲ್ಲ. ಆದರೆ ಅಷ್ಟರಲ್ಲಿ ಯಾರೋ ಶೇಂಗಾ ಚಟ್ನಿಯ ಚಮಚವನ್ನು ಇಡ್ಲಿ ತಟ್ಟೆಗೂ ಹಾಕಿಬಿಟ್ಟಿದ್ದರು. ಅಲ್ಲಿಗೆ ಇಡ್ಲಿಯೂ ಹೋಯಿತು. ಆ ಮಗು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು, ಮೊಸರು ತಿಂದ. ಅತ್ತುಕೊಳ್ಳಲಿಲ್ಲ, ಅವನಿಗೆ ಅಭ್ಯಾಸ. ಉಳಿದ ಮಕ್ಕಳ ತಟ್ಟೆಯನ್ನು ಒಂದೊಂದಾಗಿ ನೋಡುತ್ತಿದ್ದ. ನನಗೆ ಅವತ್ತು ಊಟ ಸೇರಲಿಲ್ಲ ಅಮ್ಮ.

ಅಂಗಡಿಯ ಪ್ಯಾಕೆಟ್ ಆದರೆ ಇಲ್ಲಿ ಕಡಲೆಕಾಯಿ ಇದ್ದರೆ ಲೇಬಲ್ ಮೇಲೆ ಬರೆಯಲೇಬೇಕು, ಕಾನೂನೇ ಇದೆ. ಮನೆಯಿಂದ ಬರುವ ಡಬ್ಬಿಗೆ ಯಾವ ಲೇಬಲ್? ಗ್ರೂಪ್‌ನ ಮೆಸೇಜೇ ಅದರ ಲೇಬಲ್. ಅದಕ್ಕೆ ಈ ಸಲ ನಾನು ಬರೆಯುತ್ತೇನೆ ಅಂದೆ. ಬರೆದು, ಮೊದಲು ಹಾಸನದ ಗೆಳತಿಗೆ ಮಾತ್ರ ಕಳಿಸಿದೆ. ಅವಳು ಎರಡು ಕಡೆ ತಿದ್ದಿದಳು. ಆಮೇಲೆ ಗ್ರೂಪ್‌ಗೆ ಹಾಕಿದ್ದು ಇದು:

"ಹಾಯ್ ಆಲ್! ದಸರಾ ಪಾಟ್‌ಲಕ್ ಈ ಸ್ಯಾಟರ್ಡೇ, ಅಕ್ಟೋಬರ್ 4. ಇಲೆವೆನ್ ಥರ್ಟಿಗೆ ಬನ್ನಿ, ಟ್ವೆಲ್ವ್ ಥರ್ಟಿಗೆ ಊಟ. ಹೆಡ್ ಕೌಂಟ್ 22: ದೊಡ್ಡವರು 16, ಮಕ್ಕಳು 6. ಚೇಂಜ್ ಇದ್ರೆ ಥರ್ಸ್‌ಡೇ ಒಳಗೆ ಹೇಳಿಬಿಡಿ.

ತುಂಬಾ ಇಂಪಾರ್ಟೆಂಟ್: ಕಡಲೆಕಾಯಿ ಬೀಜ ಬೇಡ. ಶೇಂಗಾ ಅಂದ್ರೂ ಅದೇ, ನೆಲಗಡಲೆ ಅಂದ್ರೂ ಅದೇ. ಗೋಡಂಬಿ, ಬಾದಾಮಿ, ಪಿಸ್ತಾ ಕೂಡ ಬೇಡ. ಕಡಲೆಕಾಯಿ ಎಣ್ಣೆನೂ ಬೇಡ, ಸನ್‌ಫ್ಲವರ್ ಅಥವಾ ತುಪ್ಪ ಓಕೆ. ಹುರಿಗಡಲೆ, ಕಡಲೆಬೇಳೆ, ತೆಂಗಿನಕಾಯಿ ಈ ಮಗುಗೆ ಓಕೆ, ಅಮ್ಮನೇ ಕನ್ಫರ್ಮ್ ಮಾಡಿದಾಳೆ. ಬೂಂದಿ, ಮಿಕ್ಸ್ಚರ್, ಸ್ವೀಟ್ ಅಂಗಡಿಯಿಂದ ತರೋ ಹಾಗಿದ್ರೆ ಲೇಬಲ್ ಫೋಟೋ ಇಲ್ಲಿ ಹಾಕಿ, ಆಮೇಲೆ ತಗೊಳ್ಳಿ.

ಡಿಶ್ ಹೆಸರು ಹಾಕೋವಾಗ ಹೇಗಿರುತ್ತೆ ಅಂತ ಒಂದು ಲೈನ್ ಬರೀರಿ. ಜಸ್ಟ್ 'ಚಟ್ನಿ' ಅಂದ್ರೆ ಸಾಲಲ್ಲ, 'ಕಾಯಿಚಟ್ನಿ, ತೆಳ್ಳಗೆ' ಅಂತ ಬರೀರಿ. ಪ್ರತಿ ಡಿಶ್‌ಗೂ ಅದರದೇ ಸೌಟು ತನ್ನಿ, ಎಕ್ಸ್‌ಚೇಂಜ್ ಬೇಡ. ಸ್ಟವ್ ಒಂದೇ, ಸೋ ಬಿಸಿ ಮಾಡಿಕೊಂಡೇ ಬನ್ನಿ. ಉಳಿದಿದ್ದು ಟೂ ಥರ್ಟಿ ಒಳಗೆ ಫ್ರಿಜ್‌ಗೆ."

ಅಪ್ಪನಿಗೆ ಇದನ್ನು ಓದಿ ಹೇಳು. ಕನ್ನಡ, ಇಂಗ್ಲಿಷ್ ಕಲಸಿ ಬರೆಯುತ್ತೀರಿ ಅಂತ ಅವರಿಗೆ ಬೇಜಾರು, ನನಗೆ ಗೊತ್ತು. ಆದರೆ ನಾವು ದಿನಾ ಮಾತಾಡುವುದೇ ಹೀಗೆ. ದಿನ, ಗಂಟೆ, ತಲೆ ಲೆಕ್ಕ ನಮಗೆ ಇಂಗ್ಲಿಷಿನಲ್ಲಿ ಬರುತ್ತದೆ, ಯಾಕಂದರೆ ಆಫೀಸು, ಸ್ಕೂಲು ಎಲ್ಲಾ ಅದರಲ್ಲೇ. ಅಡುಗೆ ಮಾತ್ರ ಕನ್ನಡದಲ್ಲಿ. ಆಗಸ್ಟ್‌ನಲ್ಲಿ ನಾವು ಎಡವಿದ್ದು ಅಲ್ಲೇ. ಅಡುಗೆಮನೆಯ ವಿಷಯವನ್ನು ಇಂಗ್ಲಿಷಿನ ಒಂದು ಪದದಲ್ಲಿ ಹೇಳಿ ಮುಗಿಸಿದೆವು. ಈ ಸಲ ಕಡಲೆಕಾಯಿಗೆ ಮೂರು ಊರಿನ ಹೆಸರು ಹಾಕಿದೆ, ಯಾರ ಮನೆಯಲ್ಲಿ ಏನೆನ್ನುತ್ತಾರೋ ಅದು ಕಣ್ಣಿಗೆ ಬೀಳಲಿ ಅಂತ. ಹುರಿಗಡಲೆಯ ಸಾಲು ಹಾಸನದ ಗೆಳತಿ ಸೇರಿಸಿದ್ದು. 'ಕಡಲೆ ಬೇಡ ಅಂದರೆ ಜನ ಕಾಯಿಚಟ್ನಿಗೆ ಹುರಿಗಡಲೆ ಹಾಕೋದಕ್ಕೂ ಹೆದರುತ್ತಾರೆ' ಅಂದಳು. ಸೌಟಿನ ಮಾತೂ ಅವಳದೇ.

ಹಾಕಿದ ಹತ್ತು ನಿಮಿಷಕ್ಕೆ ಧಾರವಾಡದ ಅಕ್ಕನ ಉತ್ತರ: "ಅಯ್ಯ, ಶೇಂಗಾನೂ ನಟ್ಸ್ ಒಳಗ ಬರ್ತದಂತ ಅವತ್ತ ಖರೇನ ಹೊಳಿಲಿಲ್ಲ. ಈ ಸರ್ತಿ ಕಾಯಿ ಹೋಳಿಗಿ ನಂದು. ತುಪ್ಪದಾಗ ಬೇಯಸ್ತೀನಿ. ಮಿಕ್ಸರ್ ಜಾರ್ ಹೊಸಾದು ತೊಗೊಂಡೀನಿ." ಆ ಜಾರಿನ ಮಾತು ಓದಿ ನನಗೆ ಗಂಟಲು ಕಟ್ಟಿತು. ಶೇಂಗಾ ಪುಡಿ ಮಾಡಿದ ಜಾರನ್ನು ಎಷ್ಟು ತೊಳೆದರೂ ಬ್ಲೇಡಿನ ಸಂದಿಯಲ್ಲಿ ಉಳಿಯಬಹುದು ಅಂತ ಅವರೇ ಯೋಚಿಸಿದ್ದರು.

ಇನ್ನೊಂದು ಗೊಂದಲ ಅಳತೆಯದು. ಮೊಸರನ್ನ ಮಾಡುತ್ತೇನೆ ಅಂದ ತುಮಕೂರಿನ ಹುಡುಗನಿಗೆ ನಾನು "ಫೋರ್ ಕಪ್ಸ್ ಅಕ್ಕಿ ಹಾಕು" ಅಂತ ಬರೆದೆ. ಅವನು ಜಾಣ, "ಯಾವ ಕಪ್ ಅಕ್ಕಾ? ಕುಕ್ಕರ್ ಜೊತೆ ಬಂದಿದ್ದಾ, ಮೆಷರಿಂಗ್ ಕಪ್ಪಾ?" ಅಂತ ಕೇಳಿದ. ಇಲ್ಲಿನ ಅಳತೆ ಕಪ್ ಸುಮಾರು 240 ಎಂಎಲ್. ರೈಸ್ ಕುಕ್ಕರಿನ ಜೊತೆ ಕೊಡುವ ಪ್ಲಾಸ್ಟಿಕ್ ಕಪ್ 180 ಎಂಎಲ್. ಮೊದಲನೆಯದರಲ್ಲಿ ನಾಲ್ಕು ಕಪ್ ಅಂದರೆ ಸುಮಾರು 800 ಗ್ರಾಂ ಅಕ್ಕಿ. ಎರಡನೆಯದರಲ್ಲಿ 600 ಗ್ರಾಂ. ಕೇಳದೆ ಮಾಡಿದ್ದರೆ ಕಾಲು ಭಾಗ ಕಡಿಮೆ ಬೀಳುತ್ತಿತ್ತು. ಆಮೇಲಿಂದ ಗ್ರೂಪ್‌ನಲ್ಲಿ ಎಲ್ಲಾ ಗ್ರಾಮಿನಲ್ಲೇ ಬರೆದೆವು.

ಬಿಸಿಬೇಳೆ ಬಾತ್ ನನ್ನದು. 500 ಗ್ರಾಂ ಅಕ್ಕಿ, 500 ಗ್ರಾಂ ತೊಗರಿಬೇಳೆ. ಊರಿನಲ್ಲಾದರೆ 22 ಜನಕ್ಕೆ ನೀನು ಇದರ ಎರಡರಷ್ಟು ಹಾಕುತ್ತೀಯ. ಪಾಟ್‌ಲಕ್‌ನಲ್ಲಿ ಪ್ರತಿಯೊಬ್ಬರೂ ಎಂಟು ಪಾತ್ರೆಯಿಂದ ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳುತ್ತಾರೆ, ಅರ್ಧ ಸಾಕು. ಹತ್ತೂವರೆಗೆ ಒಲೆಯಿಂದ ಇಳಿಸಿದರೆ ಊಟಕ್ಕೆ ಇನ್ನೂ ಎರಡು ಗಂಟೆ. ಅಷ್ಟರಲ್ಲಿ ಅಕ್ಕಿ, ಬೇಳೆ ನೀರು ಹೀರುತ್ತಲೇ ಇರುತ್ತವೆ, ಬಾತ್ ಮುದ್ದೆಯಾಗುತ್ತದೆ. ಬರೀ ಬಿಸಿನೀರು ಹಾಕಿದರೆ ರುಚಿ ಸಪ್ಪೆ. ನಿನ್ನಿಂದ ಕಲಿತದ್ದು ನೆನಪಾಯಿತು. ಸ್ವಲ್ಪ ಹುಣಿಸೆರಸ, ಉಪ್ಪು, ಬಾತಿನ ಪುಡಿ ಹಾಕಿ ಒಂದು ಲೀಟರ್ ನೀರು ಬೇರೆ ಕುದಿಸಿ ಫ್ಲಾಸ್ಕಿನಲ್ಲಿ ತುಂಬಿಕೊಂಡೆ. ಬಾತನ್ನು ದೋಸೆ ಹಿಟ್ಟಿನಷ್ಟು ತೆಳ್ಳಗೆ ಇಳಿಸಿ, ಪಾತ್ರೆಯನ್ನು ದಪ್ಪ ಟವೆಲ್ ಸುತ್ತಿ ಕೂಲರ್ ಬಾಕ್ಸಿನಲ್ಲಿ ಇಟ್ಟೆ. ಬಡಿಸುವ ಮುಂಚೆ ಮುಚ್ಚಳ ತೆಗೆದಾಗ ಹಬೆ ಇನ್ನೂ ಬರುತ್ತಿತ್ತು. ಫ್ಲಾಸ್ಕಿನ ನೀರು ಮುಕ್ಕಾಲು ಹಿಡಿಯಿತು, ಮೇಲೆ ತುಪ್ಪ. ಗೋಡಂಬಿ ಇಲ್ಲದ ಒಗ್ಗರಣೆ ಬೋಳು ಅನ್ನಿಸಬಾರದೆಂದು ಕಡಲೆಬೇಳೆಯನ್ನು ಕೆಂಪಗೆ ಹುರಿದು ಹಾಕಿದ್ದೆ. ಗರಿಗರಿ ಇತ್ತು, ಚೆನ್ನಾಗಿಯೇ ಹೊಂದಿತು.

ಬಂದವರೆಲ್ಲಾ ಮೊದಲು ಸೋಪು ಹಾಕಿ ಕೈ ತೊಳೆದುಕೊಂಡರು. ಸ್ಯಾನಿಟೈಸರ್ ಹಚ್ಚಿದರೆ ಕಡಲೆಕಾಯಿಯ ಅಂಶ ಕೈಯಿಂದ ಹೋಗುವುದಿಲ್ಲವಂತೆ, ಸೋಪು ನೀರೇ ಬೇಕು. ಹಾಸನದ ಗೆಳತಿ ಹಳೆ ಅಭ್ಯಾಸದಂತೆ ಒಂದು ಸುತ್ತು ಬಂದು ಎಲ್ಲಾ ಪಾತ್ರೆ ನೋಡಿದಳು. ಒಂದು ಸಿಹಿಯ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ 'ನಟ್ಸ್ ಇರಬಹುದು' ಅಂತ ಇತ್ತು. ತಂದವರು ಫೋಟೋ ಹಾಕಲು ಮರೆತಿದ್ದರು. ಡಬ್ಬಿ ತೆರೆಯದೆ ವಾಪಸ್ ಕಾರಿಗೆ ಹೋಯಿತು. ಅದೊಂದು ಬಿಟ್ಟರೆ ಎಲ್ಲವೂ ಸರಿ ಇತ್ತು. ಅವಳು ಮಗನ ಕೈಗೆ ತಟ್ಟೆ ಕೊಟ್ಟು, 'ಹೋಗು, ಏನು ಬೇಕೋ ಹಾಕಿಸಿಕೋ' ಅಂದಳು. ಅವನು ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಸೀದಾ ಬಾತಿನ ಪಾತ್ರೆ ಹತ್ತಿರ ಬಂದ. ಎರಡು ಸಲ ಹಾಕಿಸಿಕೊಂಡ. ಹೋಳಿಗೆ ಮೂರು ತಿಂದ, ಧಾರವಾಡದ ಅಕ್ಕ ತುಪ್ಪ ಹಾಕುತ್ತಾ ಪಕ್ಕದಲ್ಲೇ ಕೂತಿದ್ದರು.

ದೀಪಾವಳಿಗೆ ಮತ್ತೆ ಸೇರುತ್ತೇವೆ. ಪುಳಿಯೋಗರೆ ನನ್ನ ಪಾಲಿಗೆ ಬಂದಿದೆ, ಕಡಲೆಕಾಯಿ ಬೀಜ ಇಲ್ಲದೆ ಮಾಡಬೇಕು. ನಿನ್ನ ಗೊಜ್ಜಿನ ಅಳತೆಯೆಲ್ಲಾ ಪಾವಿನ ಲೆಕ್ಕದಲ್ಲಿದೆ. ಅಜ್ಜಿಯ ಹಿತ್ತಾಳೆ ಪಾವಿನಲ್ಲಿ ಅಕ್ಕಿ ತಲೆ ಸವರಿ ಅಳೆದು, ಕೆಳಗಿನ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಎಷ್ಟು ಗ್ರಾಂ ಬರುತ್ತದೆ ಅಂತ ಬರೆ. ಹುಣಿಸೆಹಣ್ಣನ್ನೂ ಹಾಗೇ ತೂಗಿಸು. ನೀನು 'ಒಂದು ನಿಂಬೆಗಾತ್ರ' ಅನ್ನುತ್ತೀಯ, ಇಲ್ಲಿನ ನಿಂಬೆಹಣ್ಣು ನಮ್ಮದಕ್ಕಿಂತ ತುಂಬಾ ದೊಡ್ಡದು.

ಇವರು ನಮಸ್ಕಾರ ಹೇಳಿದ್ದಾರೆ.

ನಿನ್ನ
ಪುಟ್ಟಿ