ವೈಟ್‌ಬೋರ್ಡ್ ಫ್ಲೋಚಾರ್ಟಿನ ಬಾಣಗಳನ್ನು ತಪ್ಪಾಗಿ ಓದಿ, ಸರಿಯಾಗಿದೆಯೆಂದು ಕೊಟ್ಟ ಕೋಡ್ ಕುರಿತು ದೂರು

ಇವರಿಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಫೋಟೊದಿಂದ ರೇಖಾಚಿತ್ರ ಕೋಡ್ ಪರಿವರ್ತನಾ ಸೇವೆ

ಇವರಿಂದ,
ಗುಣಮಟ್ಟ ದಾಖಲೆಗಳ ಉಸ್ತುವಾರಿ,
ಆಸ್ಪತ್ರೆಯ ಜೀವರಸಾಯನ ಪ್ರಯೋಗಾಲಯ

ವಿಷಯ: ಪರಿವರ್ತನೆಯಲ್ಲಿ ಅದಲುಬದಲಾದ ಬಾಣಗಳು ಮತ್ತು ಅನುಮಾನದ ಜಾಗಗಳನ್ನು ಬಳಕೆದಾರರಿಗೆ ತಿಳಿಸದಿರುವುದು

ಮಾನ್ಯರೇ,

ನಮ್ಮ ಪ್ರಯೋಗಾಲಯಕ್ಕೆ ಬರುವ ರಕ್ತದ ಮಾದರಿಯನ್ನು ಹೇಗೆ ಸ್ವೀಕರಿಸಬೇಕು, ಯಾವಾಗ ತಿರಸ್ಕರಿಸಬೇಕು ಎಂಬ ಕ್ರಮವನ್ನು ಎಲ್ಲ ಪಾಳಿಯ ಟೆಕ್ನಿಷಿಯನ್‌ಗಳು ಸೇರಿ ವೈಟ್‌ಬೋರ್ಡಿನ ಮೇಲೆ ಬರೆದು ಒಪ್ಪಿಕೊಂಡರು. ಆ ಬೋರ್ಡಿನ ಫೋಟೊವನ್ನು ನಿಮ್ಮ ಸೇವೆಗೆ ಕಳುಹಿಸಿ ಮರ್ಮೇಡ್ ಕೋಡ್ ಪಡೆದೆವು. ಚಿತ್ರವನ್ನು ಚಿತ್ರವಾಗಿಯೇ ಇಟ್ಟುಕೊಂಡರೆ ನಾಳೆ ಒಂದು ಹಂತ ಬದಲಾದಾಗ ಮತ್ತೆ ಮೊದಲಿನಿಂದ ಬಿಡಿಸಬೇಕಾಗುತ್ತದೆ. ಪಠ್ಯರೂಪದ ಕೋಡ್ ಇದ್ದರೆ ಒಂದು ಸಾಲು ತಿದ್ದಿದರೆ ಸಾಕು, ಯಾರು ಏನನ್ನು ಬದಲಿಸಿದರು ಎಂಬುದೂ ಸಾಲುಸಾಲಾಗಿ ಕಾಣುತ್ತದೆ. ಇದೇ ಕಾರಣಕ್ಕೆ ನಾವು ನಿಮ್ಮ ವಾರ್ಷಿಕ ಚಂದಾದಾರರಾದೆವು. ಫೋಟೊ ಹಾಕಿದರೆ ಸಾಕು, ಕೈಯಿಂದ ತಿದ್ದುವ ಅಗತ್ಯವಿಲ್ಲ ಎಂಬ ನಿಮ್ಮ ಜಾಹೀರಾತಿನ ಮಾತನ್ನೂ ನಂಬಿದೆವು.

ಬೋರ್ಡಿನಲ್ಲಿದ್ದ ಕ್ರಮ ಸರಳವಾದದ್ದು. ಮಾದರಿ ಬಂದ ಕೂಡಲೇ ಕೊಳವೆಯ ಮೇಲಿನ ಲೇಬಲ್ ಮತ್ತು ಪರೀಕ್ಷಾ ಕೋರಿಕೆಯ ಚೀಟಿ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದದಿದ್ದರೆ ಮಾದರಿಯನ್ನು ತಿರಸ್ಕರಿಸಿ ಹೊಸದನ್ನು ಕೇಳಬೇಕು. ಹೊಂದಿದರೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಅನಂತರ ಸೀರಮ್ ಕೆಂಪಾಗಿದೆಯೇ ಎಂದು ನೋಡಬೇಕು. ಕೆಂಪಾಗಿದ್ದರೆ ರಕ್ತಕಣಗಳು ಒಡೆದಿವೆ ಎಂದರ್ಥ, ಆಗಲೂ ತಿರಸ್ಕಾರವೇ. ಕೆಂಪಾಗಿಲ್ಲದಿದ್ದರೆ ಮಾತ್ರ ಯಂತ್ರಕ್ಕೆ ಹಾಕಬೇಕು. ಫಲಿತಾಂಶ ಅಪಾಯದ ಮಟ್ಟದಲ್ಲಿದ್ದರೆ ಮೊದಲು ವೈದ್ಯರಿಗೆ ಫೋನ್ ಮಾಡಿ, ಬಳಿಕ ವರದಿ ಕೊಡಬೇಕು. ತಿರಸ್ಕಾರದ ಚೌಕದಿಂದ ಒಂದು ಬಾಣ ಮೇಲಕ್ಕೆ, ಮಾದರಿ ಬರುವ ಹಂತಕ್ಕೆ, ಹಿಂತಿರುಗುತ್ತದೆ.

ನೀವು ಕೊಟ್ಟ ಕೋಡ್ ಮೊದಲ ಬಾರಿ ಚಿತ್ರವಾಗಲೇ ಇಲ್ಲ. ಒಂದು ಚೌಕದಲ್ಲಿ ನಾವು ಬರೆದಿದ್ದ ‘ಸೆಂಟ್ರಿಫ್ಯೂಜ್ (10 ನಿಮಿಷ)’ ಎಂಬ ಪಠ್ಯವನ್ನು ಉದ್ಧರಣ ಚಿಹ್ನೆಯಿಲ್ಲದೆ ಚೌಕ ಆವರಣದೊಳಗೆ ಇಟ್ಟಿದ್ದಿರಿ. ಮರ್ಮೇಡ್‌ನಲ್ಲಿ ದುಂಡು ಆವರಣಕ್ಕೆ ಅದರದೇ ಅರ್ಥವಿರುವುದರಿಂದ ಅದು ದೋಷ ತೋರಿಸಿ ನಿಂತಿತು. ಆ ಪಠ್ಯವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟ ಕೂಡಲೇ ಸರಿಹೋಯಿತು. ಇದನ್ನು ನಾನು ದೂರಿನ ಭಾಗವಾಗಿ ಎಣಿಸುತ್ತಿಲ್ಲ, ಏಕೆಂದರೆ ಇಂಥ ತಪ್ಪು ತಾನೇ ಬಾಯಿಬಿಟ್ಟು ಹೇಳುತ್ತದೆ, ತಿದ್ದದೆ ಮುಂದೆ ಹೋಗಲು ಬಿಡುವುದಿಲ್ಲ. ನನ್ನ ದೂರು ಇರುವುದು ಬಾಯಿಬಿಡದ ತಪ್ಪುಗಳ ಬಗ್ಗೆ.

ಅಂಥ ಮೊದಲನೆಯ ತಪ್ಪು ಇದು. ಬೋರ್ಡಿನಲ್ಲಿ ಜಾಗ ಸಾಲದೆ, ‘ಸೀರಮ್ ಕೆಂಪಾಗಿದೆಯೇ?’ ಎಂಬ ವಜ್ರಾಕೃತಿಯ ಎಡ ಮೂಲೆಯಿಂದ ಹೊರಟ ‘ಹೌದು’ ಬಾಣವು ಬಲಕ್ಕಿದ್ದ ತಿರಸ್ಕಾರದ ಚೌಕಕ್ಕೂ, ಬಲ ಮೂಲೆಯಿಂದ ಹೊರಟ ‘ಇಲ್ಲ’ ಬಾಣವು ಎಡಗಡೆ ಕೆಳಗಿದ್ದ ಯಂತ್ರದ ಚೌಕಕ್ಕೂ ಹೋಗಿ, ನಡುವೆ ಒಂದನ್ನೊಂದು ದಾಟುತ್ತವೆ. ಗೆರೆಗಳು ದಾಟುವ ಜಾಗವನ್ನು ಅವೆರಡೂ ಬಾಗಿ ತಿರುಗುವ ಜಾಗವೆಂದು ನಿಮ್ಮ ಸೇವೆ ಓದಿದೆ. ನಮಗೆ ಬಂದ ಸಾಲುಗಳು ಹೀಗಿದ್ದವು:

```
H -->|ಹೌದು| M["ಯಂತ್ರದಲ್ಲಿ ಪರೀಕ್ಷೆ"]
H -->|ಇಲ್ಲ| R["ತಿರಸ್ಕಾರ, ಹೊಸ ಮಾದರಿ"]
```

ಇದರ ಪ್ರಕಾರ ಕೆಂಪಾದ ಸೀರಮ್ ಯಂತ್ರಕ್ಕೆ ಹೋಗುತ್ತದೆ, ಚೆನ್ನಾಗಿರುವ ಸೀರಮ್ ತಿರಸ್ಕಾರವಾಗುತ್ತದೆ. ರಕ್ತಕಣಗಳು ಒಡೆದಾಗ ಅವುಗಳೊಳಗಿನ ಪೊಟ್ಯಾಸಿಯಮ್ ಸೀರಮ್‌ಗೆ ಬೆರೆಯುವುದರಿಂದ, ಅಂಥ ಮಾದರಿಯನ್ನು ಪರೀಕ್ಷಿಸಿದರೆ ರೋಗಿಯ ರಕ್ತದಲ್ಲಿ ನಿಜವಾಗಿ ಇರುವುದಕ್ಕಿಂತ ಹೆಚ್ಚು ಪೊಟ್ಯಾಸಿಯಮ್ ವರದಿಯಲ್ಲಿ ಕಾಣಿಸುತ್ತದೆ. ಅದು ಅಪಾಯದ ಮಟ್ಟ ಮುಟ್ಟಿದರೆ ಇದೇ ಫ್ಲೋಚಾರ್ಟಿನ ಮುಂದಿನ ಹಂತದಂತೆ ವೈದ್ಯರಿಗೆ ಫೋನ್ ಹೋಗುತ್ತದೆ, ಮತ್ತು ಅವರು ಇಲ್ಲದ ತೊಂದರೆಗೆ ಚಿಕಿತ್ಸೆ ಆರಂಭಿಸಬಹುದು. ಅದೃಷ್ಟವಶಾತ್ ಈ ದಾಖಲೆ ಬಳಕೆಗೆ ಬರುವ ಮೊದಲೇ ರಾತ್ರಿ ಪಾಳಿಯ ಟೆಕ್ನಿಷಿಯನ್ ಒಬ್ಬರು ಕರಡನ್ನು ಓದುತ್ತಾ ಇದನ್ನು ಹಿಡಿದರು.

ಈ ತಪ್ಪಿನ ಸ್ವರೂಪವನ್ನು ತಾವು ಗಮನವಿಟ್ಟು ನೋಡಬೇಕೆಂದು ಕೋರುತ್ತೇನೆ. ಪರಿವರ್ತನೆಯ ಬಳಿಕ ನಾವು ಸಾಮಾನ್ಯವಾಗಿ ಮಾಡುವ ಪರಿಶೀಲನೆಯೆಂದರೆ ಎಣಿಕೆ: ಬೋರ್ಡಿನಲ್ಲಿ ಎಷ್ಟು ಚೌಕಗಳಿವೆಯೋ ಕೋಡಿನಲ್ಲೂ ಅಷ್ಟಿವೆಯೇ, ಪ್ರತಿ ವಜ್ರಾಕೃತಿಯಿಂದ ಎರಡು ಬಾಣಗಳು ಹೊರಟು ಅವೆರಡರ ಮೇಲೂ ಹೌದು, ಇಲ್ಲ ಎಂದು ಇದೆಯೇ, ಪ್ರತಿ ಚೌಕಕ್ಕೆ ಬರುವ ಬಾಣಗಳ ಸಂಖ್ಯೆ ಸರಿಯೇ ಎಂದು ನೋಡುತ್ತೇವೆ. ಎರಡು ಬಾಣಗಳ ಗುರಿ ಅದಲುಬದಲಾದಾಗ ಈ ಯಾವ ಎಣಿಕೆಯೂ ಬದಲಾಗುವುದಿಲ್ಲ. ಕಣ್ಣಳತೆಯ ಹೋಲಿಕೆಯೂ ನೆರವಿಗೆ ಬರುವುದಿಲ್ಲ, ಏಕೆಂದರೆ ಮರ್ಮೇಡ್ ಕೋಡಿನಲ್ಲಿ ಚೌಕಗಳ ಸ್ಥಾನ ದಾಖಲಾಗುವುದಿಲ್ಲ. ಎಲ್ಲಿ ಯಾವುದನ್ನು ಇಡಬೇಕೆಂದು ಚಿತ್ರ ಬಿಡಿಸುವಾಗ ಅದೇ ನಿರ್ಧರಿಸುತ್ತದೆ. ಬೋರ್ಡಿನಲ್ಲಿ ಬಲಕ್ಕಿದ್ದದ್ದು ಪರದೆಯ ಮೇಲೆ ಎಡಕ್ಕೆ ಬರಬಹುದು, ದಾಟುತ್ತಿದ್ದ ಗೆರೆಗಳು ಬಿಡಿಬಿಡಿಯಾಗಿ ಅಚ್ಚುಕಟ್ಟಾಗಿ ಕಾಣಬಹುದು. ಹಾಗಾಗಿ ಫೋಟೊ ಮತ್ತು ಹೊಸ ಚಿತ್ರವನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ವ್ಯತ್ಯಾಸವೆಲ್ಲ ಜೋಡಣೆಯದ್ದೆಂದೇ ತೋರುತ್ತದೆ. ಒಂದೊಂದು ಬಾಣವನ್ನೂ ಎಲ್ಲಿಂದ ಎಲ್ಲಿಗೆ, ಯಾವ ಉತ್ತರಕ್ಕೆ ಎಂದು ಬೋರ್ಡಿನ ಮೇಲೆ ಬೆರಳಿಟ್ಟು ಓದಿದರೆ ಮಾತ್ರ ಇದು ಸಿಗುತ್ತದೆ. ಆ ಕೆಲಸ ಅನಿವಾರ್ಯವಾಗಿದ್ದರೆ ಅದನ್ನು ಗ್ರಾಹಕರಿಗೆ ಮೊದಲೇ ಹೇಳಬೇಕಿತ್ತು.

ಎರಡನೆಯ ತಪ್ಪು ಹಿಂತಿರುಗುವ ಬಾಣದ್ದು. ಬೋರ್ಡಿನ ಮೇಲ್ಭಾಗದಲ್ಲಿ ಟ್ಯೂಬ್‌ಲೈಟಿನ ಬೆಳಕು ಹೊಳೆದು, ಆ ಬಾಣದ ತುದಿ ಫೋಟೊದಲ್ಲಿ ಬಿಳಿಯಲ್ಲಿ ಮುಳುಗಿದೆ. ಗೆರೆ ಕಾಣುತ್ತದೆ, ದಿಕ್ಕು ಕಾಣುವುದಿಲ್ಲ. ಇದು ಫೋಟೊದ ಕೊರತೆಯೆಂದು ನಿಮ್ಮ ಸಹಾಯಕರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆ ದೀಪ ಆರಿಸಿ, ಸ್ವಲ್ಪ ಪಕ್ಕಕ್ಕೆ ಸರಿದು ತೆಗೆದ ಫೋಟೊದಲ್ಲಿ ಬಾಣದ ತುದಿ ಸ್ಪಷ್ಟವಾಗಿದೆ. ಆದರೆ ಕಾಣದ ದಿಕ್ಕನ್ನು ಕಾಣಲಿಲ್ಲ ಎಂದು ಹೇಳುವ ಬದಲು, ಬಾಣಗಳೆಲ್ಲ ಮೇಲಿನಿಂದ ಕೆಳಕ್ಕೇ ಹೋಗುತ್ತವೆ ಎಂಬ ಊಹೆಯ ಮೇಲೆ `A --> R` ಎಂದು ಬರೆದುಕೊಟ್ಟದ್ದು ಸೇವೆಯ ಕೊರತೆ. ಇರಬೇಕಾದದ್ದು `R --> A`. ಫಲವಾಗಿ ಮಾದರಿ ಬಂದ ಹಂತದಿಂದಲೇ ನೇರವಾಗಿ ತಿರಸ್ಕಾರಕ್ಕೆ ಒಂದು ದಾರಿ ಹುಟ್ಟಿತು, ತಿರಸ್ಕಾರದಿಂದ ಮುಂದೆ ದಾರಿಯೇ ಇಲ್ಲವಾಯಿತು.

ಈ ಎರಡನೆಯ ತಪ್ಪನ್ನು ನಿಮ್ಮ ಸೇವೆ ತಾನೇ ಕಂಡುಹಿಡಿಯಬಹುದಿತ್ತು ಎಂಬುದು ನನ್ನ ಆಕ್ಷೇಪಣೆಯ ಮುಖ್ಯ ಅಂಶ. ನಿರ್ಧಾರದ ವಜ್ರಾಕೃತಿಯಲ್ಲದ ಒಂದು ಹಂತದಿಂದ ಯಾವ ಷರತ್ತೂ ಬರೆಯದ ಎರಡು ಬಾಣಗಳು ಹೊರಡುವುದು, ಮುಕ್ತಾಯದ ಗುರುತಿಲ್ಲದ ಚೌಕದಲ್ಲಿ ದಾರಿ ಮುಗಿದುಹೋಗುವುದು, ಇವೆರಡೂ ಅನುಮಾನ ಹುಟ್ಟಿಸಬೇಕಾದ ಲಕ್ಷಣಗಳು. ಕೋಡ್ ಕೊಡುವ ಮೊದಲು ಇವನ್ನು ಪರೀಕ್ಷಿಸಲು ಫೋಟೊವನ್ನು ಮತ್ತೆ ನೋಡುವ ಅಗತ್ಯವೂ ಇಲ್ಲ. ಅದಲುಬದಲಾದ ಬಾಣಗಳನ್ನು ಹೀಗೆ ಹಿಡಿಯಲು ಆಗುವುದಿಲ್ಲ, ಅದನ್ನು ನಾನು ಒಪ್ಪುತ್ತೇನೆ; ಆದರೆ ಎರಡು ಗೆರೆಗಳು ದಾಟಿದ ಜಾಗ ಇಲ್ಲಿದೆ ಎಂಬುದಾದರೂ ನಿಮ್ಮ ಸೇವೆಗೆ ತಿಳಿಯುವಂಥದ್ದೇ. ಅಷ್ಟನ್ನು ಹೇಳಿದ್ದರೂ ನಾವು ಆ ಒಂದು ಜಾಗವನ್ನು ಬೋರ್ಡಿನೊಂದಿಗೆ ಹೋಲಿಸುತ್ತಿದ್ದೆವು.

ದೂರನ್ನು ಮೊದಲು ಸಲ್ಲಿಸಿದಾಗ ಬಂದ ಉತ್ತರದಲ್ಲಿ, ಕೋಡ್ ದೋಷವಿಲ್ಲದೆ ಚಿತ್ರವಾಗುತ್ತಿರುವುದರಿಂದ ಪರಿವರ್ತನೆ ಯಶಸ್ವಿಯಾಗಿದೆ ಎಂದು ತಿಳಿಸಿ ದೂರನ್ನು ಮುಚ್ಚಲಾಗಿದೆ. ಈ ಅಳತೆಗೋಲನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಚಿತ್ರವಾಗುವುದು ವ್ಯಾಕರಣ ಸರಿಯಿದೆ ಎಂಬುದಕ್ಕೆ ಮಾತ್ರ ಸಾಕ್ಷಿ. ಬೋರ್ಡಿನಲ್ಲಿದ್ದದ್ದೇ ಕೋಡಿನಲ್ಲಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ, ಮತ್ತು ನಾವು ಹಣ ಕೊಟ್ಟದ್ದು ಎರಡನೆಯದಕ್ಕೆ.

ಆದ್ದರಿಂದ ನಮ್ಮ ದೂರನ್ನು ಮತ್ತೆ ತೆರೆದು, ಅದೇ ಫೋಟೊವನ್ನು ನಿಮ್ಮ ತಾಂತ್ರಿಕ ವಿಭಾಗದ ಒಬ್ಬರು ಸ್ವತಃ ನೋಡಿ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ. ಸೇವೆಯಲ್ಲಿ ಆಗಬೇಕಾದ ಬದಲಾವಣೆಯ ಬಗ್ಗೆ ನನ್ನ ಒತ್ತಾಯ ಇಷ್ಟೇ: ಊಹಿಸಿದ ಬಾಣವನ್ನು ಊಹೆಯೆಂದೇ ಗುರುತಿಸಿ ಕೊಡಿ. ಇದಕ್ಕೆ ಹೊಸ ಸೌಲಭ್ಯವೇನೂ ಬೇಕಿಲ್ಲ, ಮರ್ಮೇಡ್‌ನಲ್ಲಿ ಇರುವುದೇ ಸಾಕು:

```
%% ಪರಿಶೀಲಿಸಿ: ಎರಡು ಗೆರೆಗಳು ಇಲ್ಲಿ ದಾಟುತ್ತವೆ
H -->|ಹೌದು| R
H -->|ಇಲ್ಲ| M
linkStyle 4,5 stroke:red
```

ಇಲ್ಲಿ 4 ಮತ್ತು 5 ಎಂಬುವು ಇಡೀ ಕೋಡಿನಲ್ಲಿ ಬಾಣಗಳನ್ನು 0ಯಿಂದ ಎಣಿಸಿದಾಗ ಈ ಎರಡಕ್ಕೆ ಬರುವ ಸಂಖ್ಯೆಗಳು. ಚುಕ್ಕೆ ಗೆರೆಯಿಂದಲೂ ಗುರುತಿಸಬಹುದಾದರೂ, ಬೋರ್ಡಿನಲ್ಲಿ ಚುಕ್ಕೆ ಗೆರೆಗೆ ಬೇರೆ ಅರ್ಥ ಕೊಟ್ಟಿರುವವರಿದ್ದಾರೆ. ಕೆಂಪು ಬಣ್ಣವೇ ಮೇಲು. ಪರಿಶೀಲಿಸಿದ ಮೇಲೆ ಬಳಕೆದಾರರು ಆ ಎರಡು ಸಾಲುಗಳನ್ನು, ಅಂದರೆ ಟಿಪ್ಪಣಿ ಮತ್ತು ಬಣ್ಣದ ಸಾಲನ್ನು, ಅಳಿಸಿಬಿಡುತ್ತಾರೆ.

ಕೈಯಿಂದ ತಿದ್ದುವ ಅಗತ್ಯವಿಲ್ಲ ಎಂಬ ಮಾತನ್ನು ಜಾಹೀರಾತಿನಿಂದ ತೆಗೆದು, ಪ್ರತಿ ಬಾಣವನ್ನೂ ಮೂಲದೊಂದಿಗೆ ಹೋಲಿಸಬೇಕೆಂಬ ಸೂಚನೆಯನ್ನು ಕೋಡ್ ಇಳಿಸಿಕೊಳ್ಳುವ ಜಾಗದಲ್ಲೇ ಹಾಕಬೇಕು. ಇವುಗಳಿಗೆ ತಾವು ಒಪ್ಪದಿದ್ದಲ್ಲಿ ನಮ್ಮ ಚಂದಾದಲ್ಲಿ ಉಳಿದಿರುವ ಅವಧಿಯ ಮೊತ್ತವನ್ನು ಹಿಂದಿರುಗಿಸಬೇಕು. ಮೂಲ ಫೋಟೊ, ದೀಪ ಆರಿಸಿ ತೆಗೆದ ಫೋಟೊ, ನೀವು ಕೊಟ್ಟ ಕೋಡ್ ಮತ್ತು ನಾವು ತಿದ್ದಿದ ಕೋಡ್ ನಾಲ್ಕನ್ನೂ ಲಗತ್ತಿಸಿದ್ದೇನೆ. ಅವುಗಳಲ್ಲಿ ಯಾವ ರೋಗಿಯ ವಿವರವೂ ಇಲ್ಲ, ಹಾಗಾಗಿ ನಿಮ್ಮ ತಾಂತ್ರಿಕ ವಿಭಾಗವು ಪರೀಕ್ಷೆಗೆ ಅವನ್ನು ಬಳಸಿಕೊಳ್ಳಲು ನಮ್ಮ ಅಭ್ಯಂತರವಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಗುಣಮಟ್ಟ ದಾಖಲೆಗಳ ಉಸ್ತುವಾರಿ